ಸ್ವಿಚ್ ಆಫ್ ಇದ್ದರೂ ಮನೆಯ ಕರೆಂಟ್ ಬೀಳಿಸುತ್ತಿದ್ದ ಗೀಸರ್

ನಮ್ಮ ಮನೆಯ ಗೀಸರಿಗೆ ಒಂಬತ್ತು ವರ್ಷ. ಬಚ್ಚಲ ಗೋಡೆಗೆ ನೇತುಹಾಕಿದ ಹದಿನೈದು ಲೀಟರಿನದು, 2000 ವ್ಯಾಟ್. ತುಮಕೂರಿನ ನಮ್ಮ ಬಡಾವಣೆಗೆ ಬರುವುದು ಬೋರ್‌ವೆಲ್ ನೀರು. ಬಕೆಟ್ಟಿನ ಅಂಚಿಗೆ ವಾರದಲ್ಲೇ ಬಿಳಿ ಪಟ್ಟಿ ಕಟ್ಟುತ್ತದೆ, ಎಷ್ಟು ಉಜ್ಜಿದರೂ ಹೋಗದು.

ಚಳಿ ಶುರುವಾದ ಹೊಸತರಲ್ಲಿ ಒಂದು ಬೆಳಿಗ್ಗೆ ಗೀಸರ್ ಹಾಕಿ ಹತ್ತು ನಿಮಿಷವಾಗಿರಬೇಕು, ಇಡೀ ಮನೆ ಕತ್ತಲಾಯಿತು. "ಲೋ, ಕರೆಂಟ್ ಹೋಯ್ತು ನೋಡೋ" ಎಂದು ಅಮ್ಮ ಕೂಗಿದರು. ಬೀದಿದೀಪ ಉರಿಯುತ್ತಿತ್ತು. ಮೀಟರ್ ಪಕ್ಕದ ಡಬ್ಬಿ ತೆಗೆದು ನೋಡಿದರೆ ಆರ್‌ಸಿಸಿಬಿ ಕೆಳಗೆ ಬಿದ್ದಿತ್ತು, ಎಂಸಿಬಿಗಳೆಲ್ಲ ಮೇಲೆಯೇ ಇದ್ದವು. ಯಾವುದು ಬಿದ್ದಿದೆ ಎಂದು ನೋಡದೆ ಎತ್ತಿಬಿಟ್ಟರೆ ಅರ್ಧ ಸುಳಿವು ಅಲ್ಲೇ ಕಳೆದುಹೋಗುತ್ತದೆ. ಎಂಸಿಬಿ ಬೀಳುವುದು ಶಾರ್ಟ್ ಆದಾಗ ಅಥವಾ ಲೋಡ್ ಹೆಚ್ಚಾದಾಗ. ಆರ್‌ಸಿಸಿಬಿಗೆ ಲೋಡಿನ ಲೆಕ್ಕವೇ ಇಲ್ಲ. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟಕ್ಕಷ್ಟೇ ವಾಪಸು ಬಂತೇ ಎಂದಷ್ಟೇ ಅದು ನೋಡುತ್ತದೆ. ಮನೆಗಳಲ್ಲಿ ಹಾಕುವುದು 30 ಮಿಲಿಆಂಪಿನದು, ಅದು 15ರಿಂದ 30ರ ನಡುವೆ ಎಲ್ಲಾದರೂ ಬೀಳುತ್ತದೆ. ಅಂದರೆ ಎಲ್ಲೋ ಕರೆಂಟು ಸೋರುತ್ತಿದೆ.

ಎರಡು ವಾರದಲ್ಲಿ ಹತ್ತು ನಿಮಿಷ ಐದಾಯಿತು, ಕೊನೆಗೆ ಸ್ವಿಚ್ ಒತ್ತಿದ ಕ್ಷಣಕ್ಕೇ ಬೀಳತೊಡಗಿತು. ಕಾಯಿಲ್ ಹೋಗಿದೆ ಎಂದುಕೊಂಡು ಗೀಸರ್ ಸ್ವಿಚ್ ಆಫ್ ಮಾಡಿ, ನೀರನ್ನು ಗ್ಯಾಸ್ ಮೇಲೆ ಕಾಯಿಸಿಕೊಂಡೆವು. ರಿಪೇರಿ ಭಾನುವಾರಕ್ಕೆ ಅಂತ ಮುಂದೂಡಿದೆ.

ಆದರೆ ಟ್ರಿಪ್ ನಿಲ್ಲಲಿಲ್ಲ. ಸಂಜೆ ಮಗಳ ಯೂನಿಫಾರ್ಮಿಗೆ ಇಸ್ತ್ರಿ ಪೆಟ್ಟಿಗೆ ಹಾಕಿದರೆ ಬೀಳುತ್ತಿತ್ತು. ಸಂಪಿನ ಮೋಟರ್ ಹಾಕಿದರೆ ಬೀಳುತ್ತಿತ್ತು. ಒಂದು ರಾತ್ರಿ ಫ್ರಿಜ್ ಬಿಟ್ಟು ಏನೂ ಓಡದೆ ಇದ್ದಾಗಲೂ ಬಿತ್ತು. ಗೀಸರ್ ಆಫ್ ಇದೆಯಲ್ಲ, ಅಂದಮೇಲೆ ಇದು ಬೇರೆಯೇ ತೊಂದರೆ ಎಂದು ನಾನೂ ನಂಬಿದೆ. ಪರಿಚಯದ ಎಲೆಕ್ಟ್ರಿಷಿಯನ್ ಹುಡುಗ ಬಂದು ಕ್ರಮವಾಗಿಯೇ ಹುಡುಕಿದ. ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಎತ್ತಿ, ಒಂದೊಂದಾಗಿ ಹಾಕುತ್ತಾ ಹೋದ. ಗೀಸರಿನ ಎಂಸಿಬಿ ಇಳಿಸಿಯೇ ಇಟ್ಟು ಇಸ್ತ್ರಿ ಪೆಟ್ಟಿಗೆ ಹಾಕಿದ. ಟಪ್ ಎಂದು ಬಿತ್ತು.

"ಗೀಸರ್ ಎಂಸಿಬಿ ಇಳಿಸಿದ್ರೂ ಬೀಳ್ತಾ ಇದೆ ಸಾರ್, ಅಂದ್ಮೇಲೆ ಗೀಸರ್ ಅಲ್ಲ. ಆರ್‌ಸಿಸಿಬಿನೇ ವೀಕ್ ಆಗಿದೆ."

ಹೊಸದು ಹಾಕಿಸಿದೆವು. ಮಾರನೆಯ ದಿನ ಅದೂ ಬಿತ್ತು. ಆಗ ಅವನು ಹೇಳಿದ ಎರಡನೆಯ ಉಪಾಯ ಮಾತ್ರ ನಾನು ಒಪ್ಪಲಿಲ್ಲ: "ಗೀಸರಿನ ಅರ್ತ್ ವೈರ್ ತೆಗೆದುಬಿಡಿ ಸಾರ್, ಎಷ್ಟೋ ಮನೇಲಿ ಹಾಗೇ ನಡೀತಿದೆ." ನಡೆಯುತ್ತದೆ ನಿಜ. ಕರೆಂಟು ಭೂಮಿಗೆ ಹೋಗುವ ದಾರಿ ಮುಚ್ಚಿದ್ದರಿಂದ ಆರ್‌ಸಿಸಿಬಿ ಸುಮ್ಮನಾಗುತ್ತದೆ, ಮುಂದೆ ಆ ದಾರಿಯಾಗುವುದು ಒದ್ದೆ ನೆಲದಲ್ಲಿ ನಿಂತು ನಲ್ಲಿ ತಿರುಗಿಸುವವರ ಕೈ. ಆರ್‌ಸಿಸಿಬಿ ಆಗಲೂ ಬೀಳಬೇಕು, ಆದರೆ ಬೀಳುವ ಮುನ್ನಿನ ಹೊಡೆತ ಅವರಿಗೇ.

ಅಂದು ರಾತ್ರಿ ಕೂತು ಯೋಚಿಸಿದಾಗ ಹೊಳೆದದ್ದು ಇಷ್ಟೇ. ನಮ್ಮ ಡಬ್ಬಿಯ ಎಂಸಿಬಿಗಳೆಲ್ಲ ಸಿಂಗಲ್ ಪೋಲ್. ಬಚ್ಚಲ ಸ್ವಿಚ್ಚೂ ಸಿಂಗಲ್ ಪೋಲ್. ಎರಡೂ ಕತ್ತರಿಸುವುದು ಫೇಸ್ ಒಂದನ್ನೇ. ಗೀಸರಿನ ನ್ಯೂಟ್ರಲ್ ವೈರು ಮನೆಯ ಉಳಿದೆಲ್ಲ ನ್ಯೂಟ್ರಲ್‌ಗಳ ಜೊತೆ ಒಂದೇ ಪಟ್ಟಿಗೆ ಸೇರಿಕೊಂಡು ಹಾಗೇ ಇರುತ್ತದೆ. ಕಾಯಿಲ್ ಒಡೆದು ಅದರ ತಂತಿ ಅರ್ತ್‌ಗೆ ತಾಗಿದ್ದರೆ, ಸ್ವಿಚ್ ಆಫ್ ಇದ್ದರೂ ಮನೆಯ ನ್ಯೂಟ್ರಲ್ ಮತ್ತು ಅರ್ತ್ ಗೀಸರಿನೊಳಗೆ ಸೇರಿಹೋಗಿರುತ್ತವೆ. ಇಸ್ತ್ರಿ ಪೆಟ್ಟಿಗೆಯಿಂದ ವಾಪಸು ಬರುವ ಕರೆಂಟಿನಲ್ಲಿ ಒಂದು ಪಾಲು ನ್ಯೂಟ್ರಲ್ ಬಿಟ್ಟು ಈ ಕಳ್ಳದಾರಿಯಲ್ಲಿ ಭೂಮಿಗೆ ಇಳಿಯುತ್ತದೆ. ಆರ್‌ಸಿಸಿಬಿಗೆ ಲೆಕ್ಕ ತಪ್ಪುತ್ತದೆ.

ಪರೀಕ್ಷೆ ಸುಲಭ. ಗೀಸರಿನ ಪ್ಲಗ್ಗನ್ನೇ ಕಿತ್ತೆ. ಇಸ್ತ್ರಿ ಪೆಟ್ಟಿಗೆ, ಮೋಟರ್, ಮಿಕ್ಸಿ ಒಟ್ಟಿಗೆ ಹಾಕಿದರೂ ಏನೂ ಆಗಲಿಲ್ಲ. ಸ್ವಿಚ್ ಆಫ್ ಇಟ್ಟೇ ಪ್ಲಗ್ ಸಿಕ್ಕಿಸಿ ಇಸ್ತ್ರಿ ಪೆಟ್ಟಿಗೆ ಹಾಕಿದೆ, ಬಿತ್ತು. ಮೂರು ಸಲ ಹೀಗೇ ಮಾಡಿ ಖಚಿತ ಮಾಡಿಕೊಂಡೆ.

ಆಮೇಲೆ ಮಲ್ಟಿಮೀಟರ್. ಕಿತ್ತ ಪ್ಲಗ್ಗಿನ ಮೂರು ಪಿನ್ನುಗಳ ನಡುವೆ ಓಮ್ ಅಳೆದೆ. ಗೀಸರ್ ತಣ್ಣಗಿರಬೇಕು, ಇಲ್ಲದಿದ್ದರೆ ಥರ್ಮೋಸ್ಟಾಟ್ ಕತ್ತರಿಸಿಕೊಂಡಿದ್ದು ಫೇಸ್ ಕಡೆ ಏನೂ ತೋರಿಸುವುದಿಲ್ಲ. ಫೇಸ್–ನ್ಯೂಟ್ರಲ್ ನಡುವೆ 26 ಚಿಲ್ಲರೆ ಓಮ್ ಬಂತು. 230 ವೋಲ್ಟಿನಲ್ಲಿ 2000 ವ್ಯಾಟ್ ಕಾಯಿಲಿಗೆ ಲೆಕ್ಕ ಹಾಕಿದರೂ 26.4 ಬರುತ್ತದೆ, ಅಂದರೆ ತಂತಿ ತುಂಡಾಗಿಲ್ಲ. ನೀರು ಕಾಯುತ್ತಿದ್ದುದೂ ಅದಕ್ಕೇ. ನ್ಯೂಟ್ರಲ್–ಅರ್ತ್ ನಡುವೆ ಏನೂ ತೋರಿಸಬಾರದಿತ್ತು, ಸುಮಾರು 42 ಓಮ್ ತೋರಿಸಿತು. ಫೇಸ್–ಅರ್ತ್ ಸುಮಾರು 66. ಅಂಕಿ ಒಂದೆರಡು ಓಮ್ ಆಚೀಚೆ ಕುಣಿಯುತ್ತಿತ್ತು, ಒಳಗೆ ನೀರಿದೆಯಲ್ಲ. ಎರಡರ ವ್ಯತ್ಯಾಸ 24. ಹೆಚ್ಚುಕಡಿಮೆ ಇಡೀ ಕಾಯಿಲಿನಷ್ಟು. ಆದ್ದರಿಂದ ಒಡಕು ಇರುವುದು ನ್ಯೂಟ್ರಲ್ ತುದಿಯ ಹತ್ತಿರ.

ಇಸ್ತ್ರಿ ಪೆಟ್ಟಿಗೆಯ ಒಗಟೂ ಇಲ್ಲೇ ಬಿಡಿಸಿಕೊಂಡಿತು. ಸಾಕೆಟ್ಟಿನಲ್ಲಿ ನ್ಯೂಟ್ರಲ್–ಅರ್ತ್ ನಡುವೆ ವೋಲ್ಟ್ ಅಳೆದೆ: ಸುಮ್ಮನಿದ್ದಾಗ 0.8, ಇಸ್ತ್ರಿ ಪೆಟ್ಟಿಗೆ ಹಾಕಿದಾಗ 2.4. ಕಳ್ಳದಾರಿಯ 42 ಓಮಿಗೆ ಅರ್ತ್ ಗುಂಡಿಯ ಬಾಬ್ತು ಹತ್ತು ಓಮ್ ಅಂದಾಜು ಸೇರಿಸಿದರೆ 52. 0.8 ವೋಲ್ಟಿಗೆ ಹರಿಯುವುದು 15 ಮಿಲಿಆಂಪ್, ಅಂಚಿನಲ್ಲಿ ನಿಲ್ಲುತ್ತದೆ. 2.4 ವೋಲ್ಟಿಗೆ 46, ಬೀಳಲೇಬೇಕು. ನ್ಯೂಟ್ರಲ್ಲಿನ ಈ ವೋಲ್ಟು ನಮ್ಮ ಮನೆಯದಷ್ಟೇ ಅಲ್ಲ, ಬೀದಿಯ ಬೇರೆ ಮನೆಗಳ ಲೋಡಿಗೂ ಏರಿಳಿಯುತ್ತದೆ. ಫ್ರಿಜ್ ಮಾತ್ರ ಓಡುತ್ತಿದ್ದ ರಾತ್ರಿ ಬಿದ್ದದ್ದು ಹಾಗೆ.

ಭಾನುವಾರ ಗೀಸರ್ ಬಿಚ್ಚಿದೆ. ಪ್ಲಗ್ ಕಿತ್ತಿದ್ದರೂ ಮೇನ್ ಇಳಿಸಿದೆ. ಬಚ್ಚಲಲ್ಲಿ ಕೆಲಸ, ಉದಾಸೀನ ಬೇಡ. ಬರುವ ನೀರಿನ ವಾಲ್ವ್ ಮುಚ್ಚಿ, ಬಿಸಿ ನಲ್ಲಿ ತೆರೆದರೆ ಒಂದು ಚೊಂಬು ನೀರೂ ಬರಲಿಲ್ಲ. ಬಿಸಿನೀರಿನ ಕೊಳವೆ ಟ್ಯಾಂಕಿನೊಳಗೆ ಮೇಲಿನವರೆಗೂ ಹೋಗಿರುವುದರಿಂದ ನೀರು ಕೆಳಗಿನ, ಅಂದರೆ ತಣ್ಣೀರು ಬರುವ ಬಾಯಿಂದಲೇ ಇಳಿಯಬೇಕು. ಆ ಪೈಪ್ ಬಿಚ್ಚಿ ಬಕೆಟ್ ಹಿಡಿದೆ. ಕೆಳಗಿನ ಮುಚ್ಚಳ ತೆಗೆದು, ಮೊಬೈಲಿನಲ್ಲಿ ವೈರುಗಳ ಫೋಟೋ ಹೊಡೆದುಕೊಂಡು, ಕಾಯಿಲ್ ಕೂತಿರುವ ತಟ್ಟೆಯ ನಟ್ಟುಗಳನ್ನು ಸಡಿಲಿಸಿದೆ. ತಟ್ಟೆ ಸುಲಭಕ್ಕೆ ಬರಲಿಲ್ಲ. ಅಲ್ಲಾಡಿಸಿ ಎಳೆದಾಗ ಕಾಯಿಲಿನ ಜೊತೆ ಸುಣ್ಣದ ಚಕ್ಕೆಗಳು ಬಳಬಳನೆ ಉದುರಿದವು. ಬಕೆಟ್ಟಿನ ತಳ ಮುಚ್ಚಿಹೋಯಿತು.

ಕಾಯಿಲ್ ಎಂದು ನಾವು ಕರೆಯುವುದು ನಿಜಕ್ಕೆ ಒಂದು ತಾಮ್ರದ ಕೊಳವೆ. ನಡುವೆ ನಿಕ್ರೋಮ್ ತಂತಿ, ಸುತ್ತ ಗಟ್ಟಿಯಾಗಿ ತುಂಬಿದ ಮೆಗ್ನೀಷಿಯಂ ಆಕ್ಸೈಡ್ ಪುಡಿ. ಆ ಪುಡಿ ಶಾಖ ಬಿಡುತ್ತದೆ, ಕರೆಂಟ್ ಬಿಡುವುದಿಲ್ಲ. ಆದರೆ ತೇವ ಹೀರುತ್ತದೆ, ಹೀರಿದ ಮೇಲೆ ಕರೆಂಟೂ ಬಿಡುತ್ತದೆ. ನಮ್ಮದರ ಮೇಲೆ ಸುಣ್ಣ ಬೆರಳು ದಪ್ಪ ಕೂತಿತ್ತು. ಶಾಖ ಹೊರಗೆ ಹೋಗದೆ ಕೊಳವೆಯೇ ಕಾದು, ಕೊನೆಗೆ ಒಡೆದಿದೆ. ತಟ್ಟೆಯಿಂದ ಎರಡು ಬೆರಳು ಮೇಲೆ, ಬಾಗಿರುವ ಕಡೆ, ಸುಣ್ಣ ಕೆರೆದು ತೆಗೆದಾಗ ಕೂದಲೆಳೆಯಂಥ ಸೀಳು ಕಂಡಿತು, ಅಂಚಿನಲ್ಲಿ ಹಸಿರು ಕಿಲುಬು. ನ್ಯೂಟ್ರಲ್ ತುದಿಯೇ. ಮೊದಮೊದಲು ಹತ್ತು ನಿಮಿಷ ಕಾದ ಮೇಲೆ ಬೀಳುತ್ತಿದ್ದುದಕ್ಕೆ ಕಾರಣ, ಬಿಸಿಗೆ ಕೊಳವೆ ಹಿಗ್ಗಿ ಆ ಸೀಳು ಬಾಯಿ ಬಿಡುತ್ತಿದ್ದುದು ಎಂದು ನನ್ನ ಊಹೆ.

ಹೊಸ ಕಾಯಿಲ್ ತರುವಾಗ ಹಳೆಯದನ್ನೇ ಚೀಲದಲ್ಲಿ ಒಯ್ದೆ. ವ್ಯಾಟ್ ಒಂದೇ ಇದ್ದರೂ ತಟ್ಟೆಯ ಅಳತೆ, ನಟ್ಟಿನ ತೂತು ಕಂಪನಿಗೊಂದು ಥರ. ಜೊತೆಗೆ ಹೊಸ ಗ್ಯಾಸ್ಕೆಟ್, ಮೆಗ್ನೀಷಿಯಂ ಆನೋಡ್ ಕಡ್ಡಿ. ಹಳೆಯ ಆನೋಡಿನಲ್ಲಿ ನಡುವಿನ ತಂತಿ ಬಿಟ್ಟು ಏನೂ ಉಳಿದಿರಲಿಲ್ಲ. ಅದು ಸವೆಯುವುದು ಟ್ಯಾಂಕ್ ಉಳಿಸಲಿಕ್ಕೇ, ಆದರೆ ಎರಡು ವರ್ಷಕ್ಕೊಮ್ಮೆಯಾದರೂ ನೋಡಬೇಕಿತ್ತು, ನಾನು ಒಂಬತ್ತು ವರ್ಷ ನೋಡಿಲ್ಲ.

ಹಾಕುವ ಮೊದಲು ಗೆಳೆಯನ ಹತ್ತಿರ, ಕರೆಂಟು ಸೋರುತ್ತದೆಯೇ ಎಂದು 500 ವೋಲ್ಟ್ ಹಾಕಿ ನೋಡುವ ಮೆಗ್ಗರ್ ತಂದು ಕಾಯಿಲಿನ ತುದಿ ಮತ್ತು ತಟ್ಟೆಯ ನಡುವೆ ಪರೀಕ್ಷಿಸಿದೆ. ಹಳೆಯದು ಸೊನ್ನೆ, ಹೊಸದು 200 ಮೆಗಾಓಮಿಗಿಂತ ಮೇಲೆ. ನಮ್ಮಷ್ಟು ಕೆಟ್ಟಿದ್ದರೆ ಮಲ್ಟಿಮೀಟರೇ ಸಾಕು. ಆದರೆ ಪುಡಿಗೆ ಬರೀ ತೇವ ಹಿಡಿದಿರುವಾಗ ಮಲ್ಟಿಮೀಟರಿನ ಸಣ್ಣ ಬ್ಯಾಟರಿಗೆ ಎಲ್ಲ ಸರಿಯೆಂದೇ ಕಾಣುತ್ತದೆ, 500 ವೋಲ್ಟ್ ಹಾಕಿದಾಗಲೇ ಬಣ್ಣ ಬಯಲಾಗುವುದು. ಬೇಸಗೆಯಿಡೀ ಮುಟ್ಟದ ಗೀಸರ್ ಮೊದಲ ದಿನವೇ ಟ್ರಿಪ್ ಮಾಡಿದರೆ ಇದನ್ನೂ ಅನುಮಾನಿಸಬೇಕು. ಹಾಗೆಯೇ ಎಲ್ಲದಕ್ಕೂ ಕಾಯಿಲನ್ನೇ ದೂರುವಂತಿಲ್ಲ. ಗ್ಯಾಸ್ಕೆಟ್ ಸೋರಿ ಟರ್ಮಿನಲ್ ಮೇಲೆ ನೀರು ತೊಟ್ಟಿಕ್ಕಿದರೂ ಇದೇ ಲಕ್ಷಣ. ಮುಚ್ಚಳ ತೆಗೆದ ಕೂಡಲೇ ತೇವ ಇದೆಯೇ ನೋಡಿ.

ಎದುರುಬದುರು ನಟ್ಟುಗಳನ್ನು ಸ್ವಲ್ಪಸ್ವಲ್ಪವೇ ಬಿಗಿದು ತಟ್ಟೆ ಕೂರಿಸಿದೆ. ಒಂದೇ ಕಡೆ ಪೂರ್ತಿ ಬಿಗಿದರೆ ಗ್ಯಾಸ್ಕೆಟ್ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ವಾಲ್ವ್ ತೆರೆದು, ಬಿಸಿ ನಲ್ಲಿಯಲ್ಲಿ ಗಾಳಿ ಬುಸುಗುಟ್ಟುವುದು ನಿಂತು ಧಾರೆ ಒಂದೇ ಸಮ ಬರುವವರೆಗೂ ನೀರು ತುಂಬಿಸಿದೆ. ನೀರಿಲ್ಲದೆ ಸ್ವಿಚ್ ಹಾಕಿದರೆ ಹೊಸ ಕಾಯಿಲ್ ಕೆಲವೇ ನಿಮಿಷಕ್ಕೆ ಸುಟ್ಟುಹೋಗುತ್ತದೆ. ತಟ್ಟೆಯ ಸುತ್ತ ಪೇಪರ್ ಒರಗಿಸಿ ಒಂದು ಗಂಟೆ ಬಿಟ್ಟು ನೋಡಿದೆ, ಒದ್ದೆಯಾಗಿರಲಿಲ್ಲ. ಆಮೇಲೆ ಪ್ಲಗ್ಗಿನ ಪಿನ್ನುಗಳನ್ನು ಮತ್ತೆ ಅಳೆದೆ. ನ್ಯೂಟ್ರಲ್–ಅರ್ತ್ ಈಗ ಪೂರಾ ಓಪನ್. ಥರ್ಮೋಸ್ಟಾಟನ್ನು 75ರಿಂದ 55 ಡಿಗ್ರಿಗೆ ಇಳಿಸಿದೆ, ಬಿಸಿ ಕಡಿಮೆಯಾದಷ್ಟೂ ಸುಣ್ಣ ಕಟ್ಟುವುದು ಕಡಿಮೆ.

ಬಚ್ಚಲ ಸ್ವಿಚ್ ಬದಲಿಗೆ 20 ಆಂಪಿನ ಡಿಪಿ ಸ್ವಿಚ್ ಹಾಕಿಸಿದೆ. ಅದು ಫೇಸ್, ನ್ಯೂಟ್ರಲ್ ಎರಡನ್ನೂ ಕತ್ತರಿಸುತ್ತದೆ. ಹಾಕಲು ಅದೇ ಹುಡುಗ ಬಂದಿದ್ದ. ಹಳೆಯ ಕಾಯಿಲನ್ನು ತಟ್ಟೆಯ ಸಮೇತ ಅವನ ಕೈಗೆ ಕೊಟ್ಟು ಸೀಳು ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿ, "ಹಾಗಾದ್ರೆ ಆ ಆರ್‌ಸಿಸಿಬಿ ಚೆನ್ನಾಗೇ ಇತ್ತಾ ಸಾರ್?" ಎಂದ. ಚೆನ್ನಾಗೇ ಇತ್ತು. ಅದೀಗ ಮಹಡಿ ಮನೆಯ ಡಬ್ಬಿಯಲ್ಲಿದೆ, ಅಲ್ಲಿ ಇಷ್ಟು ದಿನ ಆರ್‌ಸಿಸಿಬಿಯೇ ಇರಲಿಲ್ಲ.