ಗದಗದ ಬೇಸಿಗೆಯಲ್ಲಿ ಎದೆಹಾಲು ತೆಗೆದಿಡುವುದು: ಗಂಟೆ ಎಣಿಸುವ ಮೊದಲು ಸೆಕೆ ಅಳೆಯಿರಿ

ತೆಗೆದಿಟ್ಟ ಎದೆಹಾಲಿನ ಲೆಕ್ಕ ಬಾಯಿಪಾಠಕ್ಕೆ ಸುಲಭ. ಹೊರಗೆ 4 ಗಂಟೆ, ಫ್ರಿಜ್‌ನಲ್ಲಿ 4 ದಿನ, ಫ್ರೀಜರ್‌ನಲ್ಲಿ 6 ತಿಂಗಳು. ನನ್ನ ತಂಗಿ ಇದನ್ನು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದಳು. ಚೀಟಿಯಲ್ಲಿ ಬಿಟ್ಟುಹೋಗಿದ್ದೆಂದರೆ ಆ ಅಂಕಿಗಳ ಹಿಂದಿನ ಷರತ್ತು: ಹೊರಗೆ ಎಂದರೆ 25 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ, ಫ್ರಿಜ್ ಎಂದರೆ 4 ಡಿಗ್ರಿ, ಫ್ರೀಜರ್ ಎಂದರೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ. ಏಪ್ರಿಲ್ ತಿಂಗಳ ಗದಗದಲ್ಲಿ, ಒಂದೇ ಬಾಗಿಲಿನ ಫ್ರಿಜ್ ಇರುವ ಅವಳ ಮನೆಯಲ್ಲಿ, ಈ ಮೂರರಲ್ಲಿ ಒಂದೂ ಇರಲಿಲ್ಲ.

ಆದ್ದರಿಂದ ಮೊದಲ ಕೆಲಸ ಅಳೆಯುವುದು. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬರುವುದಿಲ್ಲ, ಅದು ಮೈಶಾಖದ ಆಸುಪಾಸನ್ನಷ್ಟೇ ತೋರಿಸುತ್ತದೆ. ಉದ್ದ ತಂತಿಯ ತುದಿಯಲ್ಲಿ ಕಡ್ಡಿ ಇರುವ, ಫ್ರಿಜ್‌ಗೆಂದೇ ಮಾರುವ ಡಿಜಿಟಲ್ ಥರ್ಮಾಮೀಟರ್ ತನ್ನಿ. ಒಂದು ಲೋಟ ನೀರನ್ನು ಫ್ರಿಜ್‌ನಲ್ಲಿಟ್ಟು, ಕಡ್ಡಿಯನ್ನು ಅದರಲ್ಲಿ ಮುಳುಗಿಸಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿ. ಗಾಳಿಯ ತಾಪ ಬಾಗಿಲು ತೆರೆದೊಡನೆ ಏರಿಬಿಡುತ್ತದೆ. ಹಾಲಿಗೆ ತಟ್ಟುವ ತಂಪು ಎಷ್ಟು ಎಂಬುದನ್ನು ನೀರೇ ಸರಿಯಾಗಿ ಹೇಳುತ್ತದೆ.

ತಂಗಿಯ ಫ್ರಿಜ್‌ನ ಬಾಗಿಲ ಗೂಡಿನಲ್ಲಿ 11 ಡಿಗ್ರಿ ಇತ್ತು. ನಡುವಿನ ಅಡ್ಡಹಲಗೆಯ ಹಿಂಬದಿಯಲ್ಲಿ 6. ಗುಂಡಿಯನ್ನು ಒಂದು ಗೀಟು ಹೆಚ್ಚಿಸಿ, ಕೊತ್ತಂಬರಿ ಕಟ್ಟು, ದೋಸೆ ಹಿಟ್ಟಿನ ಪಾತ್ರೆ ಎಲ್ಲ ಸರಿಸಿ ಗಾಳಿ ಆಡುವಂತೆ ಮಾಡಿದ ಮೇಲೆ 4ಕ್ಕೆ ಇಳಿಯಿತು. ಎದೆಹಾಲಿನ ಜಾಗ ಅದೇ, ಹಿಂಬದಿ. ಮೊಸರು, ನಿಂಬೆಹಣ್ಣು ಬೇಕಾದರೆ ಬಾಗಿಲಲ್ಲಿರಲಿ.

ಇನ್ನು ಹೊರಗಿಡುವ ಮಾತು. ಎದೆಹಾಲು ಪ್ಯಾಕೆಟ್ ಹಾಲಿನಂತಲ್ಲ. ಅದರಲ್ಲಿರುವ ಜೀವಕೋಶಗಳು ಮತ್ತು ರೋಗನಿರೋಧಕ ಅಂಶಗಳು ಬ್ಯಾಕ್ಟೀರಿಯಾಗಳನ್ನು ಕೆಲವು ಗಂಟೆ ತಡೆದು ನಿಲ್ಲಿಸುತ್ತವೆ. 4 ಗಂಟೆಯ ಅವಕಾಶ ಸಿಗುವುದು ಅದರಿಂದಲೇ. ಸೆಕೆ ಏರಿದಂತೆ ಈ ಕಾವಲು ಸೋಲುತ್ತದೆ. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಾಲು 15 ಡಿಗ್ರಿಯಲ್ಲಿ 24 ಗಂಟೆ, 25 ಡಿಗ್ರಿಯಲ್ಲಿ 4 ಗಂಟೆ ಸುರಕ್ಷಿತವಾಗಿತ್ತು. 38 ಡಿಗ್ರಿಯಲ್ಲಿ ಇಡಲೇಬಾರದು ಎಂದು ಸಂಶೋಧಕರು ಹೇಳಿದರು. ತಂಗಿಯ ಅಡುಗೆಮನೆ ಮಧ್ಯಾಹ್ನ 34 ತೋರಿಸುತ್ತಿತ್ತು. ಅಂಥ ಕಡೆ 4 ಗಂಟೆಯ ಮಾತನ್ನೇ ಮರೆತು, ತೆಗೆದ ಕೂಡಲೇ ತಂಪಿಗೆ ಸೇರಿಸಿ, ಇಲ್ಲವೇ ಆಗಲೇ ಕುಡಿಸಿಬಿಡಿ ಎನ್ನುವುದು ನನ್ನ ಸಲಹೆ. ಹರವಿಯ ಪಕ್ಕ ಒದ್ದೆ ಬಟ್ಟೆ ಸುತ್ತಿ ಇಡಬಹುದಲ್ಲ ಎಂದು ಅವಳ ಅತ್ತೆ ಕೇಳಿದರು. ಒಣ ಹವೆಯಲ್ಲಿ ಅದು ತಂಪಾಗುವುದೇನೋ ನಿಜ. ಆದರೆ ಎಷ್ಟು ತಂಪು ಎಂಬುದು ಗಾಳಿಯನ್ನು ಅವಲಂಬಿಸಿದೆ, ಮುಂಗಾರು ಮೋಡ ಕಟ್ಟಿದ ದಿನ ಅದೂ ಇಲ್ಲ.

ತಂಗಿಯ ಕೆಲಸ ಹುಬ್ಬಳ್ಳಿಯಲ್ಲಿ. ದಿನಾಲೂ ಗದಗಿನಿಂದ ಹೋಗಿ ಬರುವುದು. ಕಚೇರಿಯಲ್ಲಿ ಫ್ರಿಜ್ ಇಲ್ಲ. ಅವಳು ನೆಚ್ಚಿಕೊಂಡಿದ್ದು ಶಾಖ ತಡೆಯುವ ಅಸ್ತರಿನ ಚೀಲ ಮತ್ತು ಹೆಪ್ಪುಗಟ್ಟಿಸಿದ ಮೂರು ಐಸ್ ಪ್ಯಾಕ್‌ಗಳನ್ನು. ಗಟ್ಟಿಯಾದ ಐಸ್ ಪ್ಯಾಕ್‌ಗಳು ಬಾಟಲಿಗೆ ತಾಗಿಕೊಂಡಿದ್ದು, ಚೀಲ ಪದೇ ಪದೇ ತೆರೆಯದಿದ್ದರೆ 24 ಗಂಟೆಯವರೆಗೆ ಇಡಬಹುದು ಎಂಬುದು ಸಾಮಾನ್ಯ ಮಿತಿ.

ಕ್ರಮ ಹೀಗೆ. ಮಧ್ಯಾಹ್ನ 1 ಗಂಟೆಗೆ ಸಾಬೂನಿನಿಂದ ಕೈ ತೊಳೆದು, ಹಾಲು ತೆಗೆದು, ಮುಚ್ಚಳ ಬಿಗಿದು, ಬಾಟಲಿಯ ಮೇಲೆ ತಾರೀಖು ಮತ್ತು ಗಂಟೆ ಬರೆದು ಚೀಲಕ್ಕೆ. 4 ಗಂಟೆಗೆ ಮತ್ತೊಮ್ಮೆ, ಬೇರೆ ಬಾಟಲಿಗೆ. ಬಿಸಿ ಹಾಲನ್ನು ತಣ್ಣಗಿನ ಹಾಲಿಗೆ ಸುರಿಯಬಾರದು. ಎರಡನ್ನೂ ತಂಪು ಮಾಡಿದ ಮೇಲೆ ಕೂಡಿಸಬಹುದು, ಆಗ ಹಳೆಯದರ ತಾರೀಖೇ ಲೆಕ್ಕಕ್ಕೆ. ಸಂಜೆ 7ಕ್ಕೆ ಮನೆ, ಫ್ರಿಜ್‌ನ ಹಿಂಬದಿ. 4 ದಿನದ ಎಣಿಕೆ ಶುರುವಾಗುವುದು ಹಾಲು ತೆಗೆದ ಗಂಟೆಯಿಂದ, ಫ್ರಿಜ್‌ಗೆ ಹೋದ ಗಂಟೆಯಿಂದಲ್ಲ.

ಒಂದು ದಿನ ಇದು ಕೆಟ್ಟಿತು. ಹಿಂದಿನ ರಾತ್ರಿ ಕರೆಂಟ್ ಹೋಗಿ ಪ್ಯಾಕ್‌ಗಳು ಅರ್ಧವಷ್ಟೇ ಗಟ್ಟಿಯಾಗಿದ್ದವು, ಸಾಲದ್ದಕ್ಕೆ ಮಜ್ಜಿಗೆಯ ಡಬ್ಬಿಯೂ ಅದೇ ಚೀಲದಲ್ಲಿತ್ತು. ಮನೆಗೆ ಬಂದಾಗ ಪ್ಯಾಕ್‌ಗಳು ಪೂರ್ತಿ ನೀರಾಗಿದ್ದವು, ಚೀಲದೊಳಗೆ 19 ಡಿಗ್ರಿ. ಮೂಸಿದರೆ ವಾಸನೆಯೇನೂ ಇರಲಿಲ್ಲ, ಆದರೆ ಹುಳಿ ವಾಸನೆ ಬರುವಷ್ಟರಲ್ಲಿ ಹಾಲು ಎಂದೋ ಕೆಟ್ಟಿರುತ್ತದೆ. 15 ಡಿಗ್ರಿ ದಾಟಿದ ಮೇಲೆ 24 ಗಂಟೆಯ ಮಿತಿ ಉಳಿಯುವುದಿಲ್ಲ, 4 ಗಂಟೆಯದೇ ಆಧಾರ. 4ಕ್ಕೆ ತೆಗೆದ 90 ಮಿಲಿಲೀಟರಿಗೆ ಮೂರೇ ಗಂಟೆಯಾಗಿತ್ತು, ಅದನ್ನು ಆಗಲೇ ಕುಡಿಸಿದೆವು. 1 ಗಂಟೆಯ 110 ಮಿಲಿಲೀಟರಿಗೆ ಆರು ಗಂಟೆ, ಅದನ್ನು ಚೆಲ್ಲಿದೆವು. ಮೋರಿಗೆ ಸುರಿಯುವಾಗ ತಂಗಿ ಮುಖ ಆಚೆ ತಿರುಗಿಸಿಕೊಂಡಳು.

ಫ್ರೀಜರ್ ವಿಷಯದಲ್ಲಿ ಎಡವುವವರೇ ಹೆಚ್ಚು. 6 ತಿಂಗಳು ಉತ್ತಮ, 12 ತಿಂಗಳವರೆಗೆ ನಡೆಯುತ್ತದೆ ಎನ್ನುವುದು ಬೇರೆ ಬಾಗಿಲಿನ, −18 ಡಿಗ್ರಿ ಹಿಡಿದಿಡುವ ಫ್ರೀಜರ್‌ಗೆ. ಒಂದೇ ಬಾಗಿಲಿನ ಫ್ರಿಜ್‌ನೊಳಗಿನ ಐಸ್ ಪೆಟ್ಟಿಗೆ ಅಷ್ಟು ತಂಪಾಗುವುದು ಅಪರೂಪ. ಅಲ್ಲಿಟ್ಟ ಐಸ್‌ಕ್ರೀಮ್‌ಗೆ ಚಮಚ ಸಲೀಸಾಗಿ ಇಳಿದರೆ ಅದು −18 ಅಲ್ಲ ಎಂದುಕೊಳ್ಳಿ. ಅಂಥ ಪೆಟ್ಟಿಗೆಗೆ ಹಳೆಯ ಕೈಪಿಡಿಗಳು ಕೊಡುತ್ತಿದ್ದ ಮಿತಿ 2 ವಾರ, ಅದನ್ನು ಮೀರಬೇಡಿ. ಹೆಪ್ಪುಗಟ್ಟಿಸುವುದಾದರೆ 60ರಿಂದ 120 ಮಿಲಿಲೀಟರಿನ ಪಾಲು ಮಾಡಿ, ಹಾಲು ಹಿಗ್ಗುವುದಕ್ಕೆ ಮೇಲೆ ಒಂದು ಬೆರಳು ಜಾಗ ಬಿಡಿ. ಕರೆಂಟ್ ಹೋದಾಗ ಬಾಗಿಲು ತೆರೆಯಬೇಡಿ. ಬಂದ ಮೇಲೆ ನೋಡಿದಾಗ ಹಾಲಿನಲ್ಲಿ ಇನ್ನೂ ಐಸ್ ಹರಳು ಉಳಿದಿದ್ದರೆ ಮತ್ತೆ ಹೆಪ್ಪುಗಟ್ಟಿಸಬಹುದು, ಪೂರ್ತಿ ಕರಗಿದ್ದರೆ ಕೂಡದು.

ಕರಗಿಸಲು ಹಿಂದಿನ ರಾತ್ರಿಯೇ ಕೆಳಗಿನ ಹಲಗೆಗೆ ಇಳಿಸಿಡಿ. ಪೂರ್ತಿ ಕರಗಿದ ಮೇಲೆ ಫ್ರಿಜ್‌ನಲ್ಲಿ 24 ಗಂಟೆ, ಹೊರಗೆ 1ರಿಂದ 2 ಗಂಟೆ ಮಾತ್ರ. ಬೆಚ್ಚಗೆ ಮಾಡಲು ಬಟ್ಟಲಿನ ಬಿಸಿನೀರಿನಲ್ಲಿ ಬಾಟಲಿ ಇಟ್ಟರೆ ಸಾಕು; ಒಲೆಯ ಮೇಲೆ ಕುದಿಸಬೇಡಿ, ಮೈಕ್ರೊವೇವ್ ಬೇಡವೇ ಬೇಡ. ಅದು ಹಾಲನ್ನು ಒಂದೇ ಸಮ ಕಾಯಿಸುವುದಿಲ್ಲ, ಎಲ್ಲೋ ಒಂದು ಕಡೆ ಮಗುವಿನ ಬಾಯಿ ಸುಡುವಷ್ಟು ಬಿಸಿ ಉಳಿದಿರುತ್ತದೆ. ಮೇಲೆ ಕೆನೆ ಬೇರೆಯಾಗಿ ನಿಂತಿರುವುದು ಕೆಟ್ಟ ಲಕ್ಷಣವಲ್ಲ, ಮೆಲ್ಲಗೆ ತಿರುಗಿಸಿದರೆ ಬೆರೆಯುತ್ತದೆ. ಸಾಬೂನಿನಂಥ ವಾಸನೆ ಬಂದರೂ ಹೆದರಬೇಕಿಲ್ಲ. ಹಾಲಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆಯುವುದರಿಂದ ಅದು ಬರುತ್ತದೆ. ಕೆಲವು ಮಕ್ಕಳು ಮುಖ ಸಿಂಡರಿಸುತ್ತವೆ, ಅಷ್ಟೇ.

ಈ ಎಲ್ಲ ಲೆಕ್ಕ ತಿಂಗಳು ತುಂಬಿ ಹುಟ್ಟಿದ, ಆರೋಗ್ಯವಾಗಿರುವ ಮಗುವಿಗೆ. ದಿನ ತುಂಬದೆ ಹುಟ್ಟಿ ಆಸ್ಪತ್ರೆಯಲ್ಲಿರುವ ಮಗುವಿಗಾದರೆ ಅಲ್ಲಿನ ನರ್ಸ್ ಹೇಳುವ ಮಿತಿಯೇ ಮಿತಿ, ಅದು ಇದಕ್ಕಿಂತ ಬಿಗಿಯಾಗಿರುತ್ತದೆ.

ಮಗು ಕುಡಿದು ಉಳಿಸಿದ ಹಾಲಿನ ಬಗ್ಗೆ ತಂಗಿಯ ಅತ್ತೆಗೂ ನನಗೂ ಇನ್ನೂ ವಾದ ಮುಗಿದಿಲ್ಲ. ಬಾಟಲಿಗೆ ಮಗುವಿನ ಬಾಯಿ ತಾಗಿದೆ, 2 ಗಂಟೆಯೊಳಗೆ ಕುಡಿಸಿ, ಇಲ್ಲದಿದ್ದರೆ ಚೆಲ್ಲಿ ಎನ್ನುತ್ತೇನೆ ನಾನು. ಅದಕ್ಕೆ ಅವರು ಕಂಡುಕೊಂಡ ದಾರಿ ಚೆನ್ನಾಗಿದೆ: ಬಾಟಲಿಯನ್ನು ಫ್ರಿಜ್‌ನಲ್ಲೇ ಬಿಟ್ಟು, 30 ಮಿಲಿಲೀಟರಿನಷ್ಟೇ ಬೇರೆ ಬಟ್ಟಲಿಗೆ ಬಗ್ಗಿಸಿಕೊಂಡು, ಬೆಚ್ಚಗೆ ಮಾಡಿ ಒಳಲೆಯಲ್ಲಿ ಕುಡಿಸುತ್ತಾರೆ. ಮಗು ಮತ್ತೆ ಬಾಯಿ ತೆರೆದರೆ ಇನ್ನೊಂದು 30.