‘ಐಟಂ ಬಂದಿಲ್ಲ’ ದೂರು, ತಪ್ಪು ಕಡಿತ, ಇಳಿಯುವ ರೇಟಿಂಗ್: ಪಾರ್ಸೆಲ್ ಕೌಂಟರಿನಿಂದ ನನ್ನ ಅನುಭವ

ಆನ್‌ಲೈನ್ ಆರ್ಡರ್‌ಗಳಲ್ಲಿ ನನ್ನ ಹೋಟೆಲಿನ ದುಡ್ಡು ಹೆಚ್ಚು ಸೋರುವುದು ‘ಐಟಂ ಬಂದಿಲ್ಲ’ ಎಂಬ ದೂರಿನಲ್ಲಿ. ಗ್ರಾಹಕರು ಆ್ಯಪ್‌ನಲ್ಲಿ ದೂರು ಕೊಟ್ಟ ಸ್ವಲ್ಪ ಹೊತ್ತಿಗೇ ರಿಫಂಡ್ ಆಗಿರುತ್ತದೆ. ಆ ಹಣ ಕಡಿದು ಆ್ಯಪ್‌ನವರು ನಮಗೆ ಕೊಡುವ ವಾರದ ಪೇಔಟ್ ಬಂದ ಮೇಲೆ ಸಾಕ್ಷಿ ಹುಡುಕಲು ಹೊರಟರೆ ಏನೂ ಸಿಗುವುದಿಲ್ಲ. ಪಾರ್ಸೆಲ್ ಕಟ್ಟುವಾಗಲೇ ಸಾಕ್ಷಿ ತಯಾರಾಗಬೇಕು.

ಅದಕ್ಕೆ ನನ್ನ ಕೌಂಟರಿನಲ್ಲಿ ಇರುವುದು ಒಂದು ಎಲೆಕ್ಟ್ರಾನಿಕ್ ತಕ್ಕಡಿ, ಹಳೆಯ ಮೊಬೈಲ್ ಮತ್ತು ಹರಿಯದೆ ಬಿಚ್ಚಲು ಬಾರದ ಸ್ಟಿಕ್ಕರ್. ಡಬ್ಬಿಗಳನ್ನೆಲ್ಲ ಬಿಲ್ ಪಕ್ಕದಲ್ಲಿ ಹರಡಿ, ಆರ್ಡರ್ ನಂಬರಿನ ಕೊನೆಯ ನಾಲ್ಕು ಅಂಕಿ ಕಾಣುವ ಹಾಗೆ ಒಂದು ಫೋಟೊ. ಕವರಿಗೆ ಹಾಕಿ ಸ್ಟಿಕ್ಕರ್ ಅಂಟಿಸಿದ ಮೇಲೆ, ತಕ್ಕಡಿಯ ಅಂಕಿ ಸಮೇತ ಇನ್ನೊಂದು. ತೂಕವನ್ನು ಬಿಲ್ ಮೇಲೂ ಬರೆಯುತ್ತೇವೆ. ಸೀಲ್ ಮಾಡಿದ ಕವರಿನ ಫೋಟೊ ಮಾತ್ರ ಇದ್ದರೆ ಪ್ರಯೋಜನವಿಲ್ಲ, ಒಳಗೆ ಏನಿತ್ತು ಎಂಬುದಕ್ಕೆ ಅದು ಪುರಾವೆಯಾಗದು.

ಒಂದು ಲೆಕ್ಕ ನೋಡಿ. ಎರಡು ಬಿಸಿಬೇಳೆಬಾತ್, ತಲಾ 140 ರೂಪಾಯಿ. ಒಂದು ಗೋಬಿ ಮಂಚೂರಿ, 150. ಒಟ್ಟು 430. ಬಾತ್ ಡಬ್ಬಿ ಒಂದೊಂದು ಸುಮಾರು 450 ಗ್ರಾಂ, ಗೋಬಿ 280, ಕವರ್ 20. ಬಿಲ್ ಮೇಲೆ ಬರೆದ ತೂಕ 1,205 ಗ್ರಾಂ. ಗೋಬಿ ಬಂದಿಲ್ಲ ಎಂದು ದೂರು ಬಂತು ಅಂದುಕೊಳ್ಳಿ. ಗೋಬಿ ಹಾಕದೇ ಇದ್ದಿದ್ದರೆ ತೂಕ 920ರ ಆಸುಪಾಸು ನಿಲ್ಲಬೇಕಿತ್ತು. ಬಡಿಸುವ ಕೈಯಲ್ಲಿ 30-40 ಗ್ರಾಂ ಹೆಚ್ಚು ಕಡಿಮೆ ಆಗುತ್ತದೆ, 280 ಆಗುವುದಿಲ್ಲ. ಆದರೆ 40 ಗ್ರಾಂ ಚಟ್ನಿ ಕಪ್ ಬಿಟ್ಟುಹೋಗಿದೆಯೋ ಇಲ್ಲವೋ ಎಂದು ತಕ್ಕಡಿ ಹೇಳದು. ಅಲ್ಲಿ ಮೊದಲ ಫೋಟೊವೇ ಗತಿ.

ಮುಂದಿನದು ಪೇಔಟ್ ಶೀಟ್. ಇಲ್ಲಿ ತಪ್ಪು ಮೂರು ರೀತಿ ಸಿಗುತ್ತದೆ. ಮೊದಲನೆಯದು, ದೂರು ಗೋಬಿಯೊಂದರ ಮೇಲಿದ್ದರೂ ಇಡೀ 430 ಕಡಿತವಾಗಿರುವುದು. ಎರಡನೆಯದು ಜಿಎಸ್‌ಟಿ. 2022ರ ಜನವರಿ 1ರಿಂದ ಆ್ಯಪ್ ಮೂಲಕ ಹೋದ ಊಟಕ್ಕೆ ಶೇ 5 ತೆರಿಗೆಯನ್ನು ಪ್ಲಾಟ್‌ಫಾರ್ಮೇ ಕಟ್ಟುತ್ತದೆ, ಆ ಹಣ ನಮ್ಮ ಕೈಗೆ ಬರುವುದೇ ಇಲ್ಲ. ಗ್ರಾಹಕರಿಗೆ 157.50 ವಾಪಸ್ ಹೋಗಿರಬಹುದು; ದೂರು ನಿಜವೇ ಆಗಿದ್ದರೂ ನಮ್ಮಿಂದ ಆ 7.50 ಹಿಡಿಯುವಂತಿಲ್ಲ. ಇದನ್ನು ಹೆಚ್ಚಿನವರು ನೋಡುವುದಿಲ್ಲ, ನೋಡಲೇಬೇಕು. ಮೂರನೆಯದು, ಗ್ರಾಹಕರು ರದ್ದು ಮಾಡಿದ್ದು ‘ಹೋಟೆಲ್ ರದ್ದು ಮಾಡಿದೆ’ ಎಂದು ದಾಖಲಾಗುವುದು. ಇದಕ್ಕೆ ‘ಫುಡ್ ರೆಡಿ’ ಒತ್ತಿದ ಸಮಯವೇ ಉತ್ತರ. ಅಡುಗೆ ಮುಗಿಯದೆ ಅದನ್ನು ಒತ್ತುವ ಚಾಳಿ ಇದ್ದರೆ ಬಿಡಿಸಿ. ಬಂದ ರೈಡರ್ ಕಾದು ನಿಂತ ದಾಖಲೆ ನಮಗೇ ತಿರುಗುತ್ತದೆ.

ಶೀಟ್ ಬಂದ ದಿನವೇ ತಕರಾರು ಹಾಕುತ್ತೇನೆ, ಏಕೆಂದರೆ ಅದಕ್ಕೆ ಗಡುವು ಇರುತ್ತದೆ. ಬರಹ ಚಿಕ್ಕದಾಗಿರಲಿ: ‘ಆರ್ಡರ್ ಇಂಥದ್ದು, ದೂರು ಗೋಬಿ ಬಂದಿಲ್ಲವೆಂದು. ಪ್ಯಾಕ್ ಮಾಡಿದ ತೂಕ 1,205 ಗ್ರಾಂ, ಫೋಟೊ ಎರಡು ಲಗತ್ತಿಸಿದೆ. ಕಡಿತವಾದದ್ದು 430. ಪೂರ್ತಿ ವಾಪಸ್ ಕೋರುತ್ತೇವೆ. ದೂರನ್ನು ಒಪ್ಪಿದರೂ 150ಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ.’ ಕೊನೆಯ ಸಾಲು ಮುಖ್ಯ, ದೂರಿನಲ್ಲಿ ಸೋತರೂ 280 ಉಳಿಯುತ್ತದೆ. ಫೋಟೊ ಇಲ್ಲದ ಆರ್ಡರಿಗೆ ನಾನು ತಕರಾರು ಹಾಕುವುದಿಲ್ಲ.

ಇನ್ನು ರೇಟಿಂಗ್. ಸರಾಸರಿ 4.2 ಇರುವಾಗ ಒಂದು ಸ್ಟಾರ್ ಬಿದ್ದರೆ, ಸರಳ ಸರಾಸರಿಯ ಲೆಕ್ಕದಲ್ಲಿ ಅದನ್ನು ತುಂಬಲು ನಾಲ್ಕು ಐದು-ಸ್ಟಾರ್ ಬೇಕು. ಹಾಗಾಗಿ ಒಳ್ಳೆಯ ರೇಟಿಂಗ್ ಕೇಳಿಕೊಂಡು ಚೀಟಿ ಇಡುವುದಕ್ಕಿಂತ ಕೆಟ್ಟದ್ದು ಬೀಳುವ ಜಾಗ ಮುಚ್ಚುವುದು ಲಾಭ. ಒಂದು, ಎರಡು ಸ್ಟಾರ್ ಕೊಟ್ಟ ಆರ್ಡರ್‌ಗಳನ್ನು ಐಟಂ ಮತ್ತು ಗಂಟೆವಾರು ಬರೆದಿಡಿ. ಸಾಮಾನ್ಯವಾಗಿ ಎರಡು ಮೂರು ಐಟಂಗಳ ಸುತ್ತಲೇ ಸುತ್ತುತ್ತವೆ. ಮಸಾಲೆ ದೋಸೆ ಮೆತ್ತಗಾಗಿದೆ ಎಂಬ ದೂರು ರಾತ್ರಿ ಎಂಟರಿಂದ ಒಂಬತ್ತೂವರೆಯೊಳಗೇ ಹೆಚ್ಚಿದ್ದರೆ ಕಾವಲಿಯನ್ನು ದೂರಬೇಡಿ. ಆ ಹೊತ್ತಿಗೆ ರೈಡರ್ ತಡ, ಮುಚ್ಚಿದ ಡಬ್ಬಿಯೊಳಗೆ ಹಬೆ ನೀರಾಗಿ ದೋಸೆಗೇ ಇಳಿಯುತ್ತದೆ. ಡಬ್ಬಿ ಮುಚ್ಚಳಕ್ಕೆ ತೂತು ಮಾಡಿ, ಪಲ್ಯ ಬೇರೆ ಕಪ್ಪಿನಲ್ಲಿ ಕೊಡಿ. ಆಗಲೂ ನಿಲ್ಲದಿದ್ದರೆ ಆ ಒಂದೂವರೆ ಗಂಟೆ ದೋಸೆಯನ್ನು ಆ್ಯಪ್‌ನಲ್ಲಿ ಆಫ್ ಮಾಡಿ, ಬಾತ್ ಓಡಲಿ. ಸಾಂಬಾರ್ ಚೆಲ್ಲಿದ ದೂರಿಗೂ ಹಬೆಯೇ ಕಾರಣ: ಕುದಿಯುವುದನ್ನು ಅಂಚಿನವರೆಗೆ ತುಂಬಿ ಮುಚ್ಚಿದರೆ ಮುಚ್ಚಳ ಎದ್ದುಕೊಳ್ಳುತ್ತದೆ. ಒಂದೂವರೆ ಬೆರಳು ಜಾಗ ಬಿಟ್ಟು, ಎರಡು ನಿಮಿಷ ಆರಿಸಿ, ಆಮೇಲೆ ಮುಚ್ಚಿ.