ಒಂದು ಮಸುಕಾದ ಚಿಹ್ನೆ ಮತ್ತು ಒಂಬತ್ತನೇ ಒಂದು ಭಾಗ

ದ್ವಿತೀಯ ಪಿಯುಸಿ ಓದುತ್ತಿರುವ ಅಣ್ಣನ ಮಗಳು ಕಳೆದ ವರ್ಷ ಒಂದು ರಾತ್ರಿ ತಳಿಶಾಸ್ತ್ರ ಪುಸ್ತಕದ ಪುಟವೊಂದರ ಫೋಟೊ ತೆಗೆದು ನನಗೆ ವಾಟ್ಸಾಪಿನಲ್ಲಿ ಕಳುಹಿಸಿದಳು. "ಚಿಕ್ಕಪ್ಪ, ಪುಸ್ತಕದ ಕೊನೆಯಲ್ಲಿ ಉತ್ತರ 1/9 ಎಂದು ಕೊಟ್ಟಿದ್ದಾರೆ, ನನಗೆ ಎಷ್ಟು ಸಲ ಮಾಡಿದರೂ 1/8 ಬರುತ್ತಿದೆ, ಪುಸ್ತಕವೇ ತಪ್ಪಿರಬೇಕು" ಎಂದು ಕೆಳಗೆ ಬರೆದಿದ್ದಳು. ಜೀವಶಾಸ್ತ್ರ ಪಾಠ ಮಾಡುತ್ತ ಬಂದಿರುವ ನಾನು ಅಂಥ ಮಾತನ್ನು ಒಮ್ಮೆಲೇ ತಳ್ಳಿಹಾಕುವುದಿಲ್ಲ, ಏಕೆಂದರೆ ಪುಸ್ತಕದ ಕೊನೆಯ ಪುಟಗಳಲ್ಲಿ ತಪ್ಪು ಉತ್ತರಗಳು ಇರುವುದು ಅಪರೂಪವೇನಲ್ಲ.

ಚಿತ್ರದಲ್ಲಿದ್ದದ್ದು ಮೂರು ತಲೆಮಾರುಗಳ ವಂಶಾವಳಿ ನಕ್ಷೆ. ಎಡಗಡೆಯ ದಂಪತಿಗಳು I-1 ಮತ್ತು I-2. ಇಬ್ಬರ ಚಿಹ್ನೆಗಳೂ ಖಾಲಿ, ಎಂದರೆ ಇಬ್ಬರಲ್ಲೂ ರೋಗಲಕ್ಷಣವಿಲ್ಲ. ಅವರಿಗೆ ಇಬ್ಬರು ಮಕ್ಕಳು: ಕಪ್ಪು ತುಂಬಿದ II-1 ಮತ್ತು ಖಾಲಿ ಚೌಕವಾದ II-2. ಬಲಗಡೆಯ ದಂಪತಿಗಳಾದ I-3 ಮತ್ತು I-4 ಕೂಡ ರೋಗಲಕ್ಷಣವಿಲ್ಲದವರು. ಅವರ ಮಗಳು II-3 ಖಾಲಿ ವೃತ್ತ, ಮಗ II-4 ಕಪ್ಪು ಚೌಕ. ನಡುವಿನ II-2 ಮತ್ತು II-3 ಮದುವೆಯಾಗಿದ್ದಾರೆ, ಅವರ ಕೆಳಗೆ ಪ್ರಶ್ನಾರ್ಥಕ ಚಿಹ್ನೆ. ಹುಟ್ಟಲಿರುವ ಮಗುವಿಗೆ ರೋಗ ಬರುವ ಸಂಭವನೀಯತೆ ಎಷ್ಟು ಎಂಬುದೇ ಪ್ರಶ್ನೆ. ರೋಗದ ಹೆಸರನ್ನು ಕೊಟ್ಟಿರಲಿಲ್ಲವಾದ್ದರಿಂದ ಅದು ಆನುವಂಶಿಕವಾಗುವ ಬಗೆಯನ್ನು ನಕ್ಷೆಯಿಂದಲೇ ಕಂಡುಕೊಳ್ಳಬೇಕಿತ್ತು.

ಅವಳ ತರ್ಕದಲ್ಲಿ ನನಗೆ ಮೊದಲು ಯಾವ ದೋಷವೂ ಕಾಣಲಿಲ್ಲ. ರೋಗವಿಲ್ಲದ ತಂದೆತಾಯಿಗೆ ರೋಗಿ ಮಗು ಹುಟ್ಟಿರುವುದರಿಂದ ಗುಣ ದುರ್ಬಲವಾದದ್ದು, ಎಂದರೆ ಜೀನಿನ ಸರಿಯಾದ ಪ್ರತಿಯೊಂದು ಜೊತೆಗಿದ್ದರೆ ಅದು ಹೊರಗೆ ತೋರದು. ಎರಡೂ ಮನೆಗಳಲ್ಲಿ ರೋಗ ಬಂದಿರುವುದು ಗಂಡುಮಕ್ಕಳಿಗೆ ಮಾತ್ರ, ಆದ್ದರಿಂದ ಜೀನ್ ಎಕ್ಸ್ ವರ್ಣತಂತುವಿನ ಮೇಲಿರಬೇಕು ಎಂದು ಅವಳು ಹಿಡಿದಿದ್ದಳು. ಹಾಗಿದ್ದರೆ ಒಂದೇ ಎಕ್ಸ್ ಇರುವ II-2 ಆರೋಗ್ಯವಂತನಾಗಿರುವುದರಿಂದ ರೋಗದ ಜೀನನ್ನು ಲಕ್ಷಣವಿಲ್ಲದೆ ಹೊತ್ತಿರುವ ವಾಹಕನಾಗಿರಲಾರ. II-3ರ ತಾಯಿ ವಾಹಕಿಯಾದ್ದರಿಂದ ಮಗಳೂ ವಾಹಕಿಯಾಗಿರುವ ಸಾಧ್ಯತೆ 1/2, ವಾಹಕಿಯಾಗಿದ್ದರೆ ಅವಳ ಮಗು ರೋಗಿಯಾಗುವ ಸಾಧ್ಯತೆ 1/4, ಗುಣಿಸಿದರೆ 1/8. ಲೆಕ್ಕದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ.

ಅನುಮಾನ ಬಂದದ್ದು "ಗಂಡುಮಕ್ಕಳಿಗೆ ಮಾತ್ರ" ಎಂಬ ಮಾತಿನ ಮೇಲೆ, ಏಕೆಂದರೆ ಇಡೀ ಲೆಕ್ಕ ನಿಂತಿದ್ದುದು ಆ ಒಂದು ಓದಿನ ಮೇಲೆ. ಫೋಟೊವನ್ನು ಹಿಗ್ಗಿಸಿ ನೋಡಿದೆ. ಅದು ಬಲಬದಿಯ ಪುಟ. ಆದ್ದರಿಂದ ಎಡತುದಿಯಲ್ಲಿದ್ದ II-1 ಪುಸ್ತಕದ ಬೈಂಡಿಂಗ್ ಹತ್ತಿರ, ಪುಟ ಬಾಗಿ ಒಳಕ್ಕಿಳಿಯುವ ಜಾಗದಲ್ಲಿ ಬಿದ್ದಿತ್ತು, ಮೇಲೆ ಫೋನಿನ ನೆರಳು ಬೇರೆ. ಬಾಗಿದ ಕಡೆ ಚಿತ್ರ ಅಡ್ಡಕ್ಕೆ ಕುಗ್ಗುವುದರಿಂದ ವೃತ್ತದ ಪಕ್ಕಗಳು ನೆಟ್ಟಗಿರುವಂತೆ ಕಾಣುತ್ತವೆ, ಕಪ್ಪು ತುಂಬಿದ್ದರಂತೂ ಅಂಚು ನೆರಳಿನಲ್ಲಿ ಕರಗಿಹೋಗುತ್ತದೆ. ಹೋಲಿಸಲು ಅದೇ ಚಿತ್ರದಲ್ಲಿ II-4 ಇತ್ತು. ಅದರ ನಾಲ್ಕು ಮೂಲೆಗಳೂ ಚೂಪಾಗಿದ್ದವು. II-1ರಲ್ಲಿ ಒಂದು ಮೂಲೆಯೂ ಕಾಣಲಿಲ್ಲ, ಮೇಲಿನಿಂದ ಇಳಿದ ಗೆರೆ ಅದನ್ನು ಮುಟ್ಟುವ ಜಾಗವೂ ಸಮತಟ್ಟಾಗಿರದೆ ತುಸು ಗುಬುಟಾಗಿತ್ತು. ಆದರೂ ಊಹೆಯ ಮೇಲೆ ಮುಂದುವರಿಯದೆ, ಪುಟವನ್ನು ಒತ್ತಿ ಹಿಡಿದು, ಫೋನನ್ನು ಪುಟಕ್ಕೆ ಸಮಾನಾಂತರವಾಗಿಟ್ಟು, ಬೆಳಗ್ಗೆ ಕಿಟಕಿಯ ಬೆಳಕಿನಲ್ಲಿ ಇನ್ನೊಂದು ಫೋಟೊ ತೆಗೆದು ಕಳುಹಿಸಲು ಹೇಳಿದೆ. ಮರುದಿನ ಬಂದ ಚಿತ್ರದಲ್ಲಿ II-1 ಅಚ್ಚುಕಟ್ಟಾದ ಕಪ್ಪು ವೃತ್ತ. ರೋಗವಿದ್ದದ್ದು ಮಗಳಿಗೆ.

ಆ ಒಂದು ವೃತ್ತದಿಂದ ಎಕ್ಸ್ ವರ್ಣತಂತುವಿನ ವಾದ ಬಿದ್ದುಹೋಗುತ್ತದೆ. ಎಕ್ಸ್ ಮೇಲಿನ ದುರ್ಬಲ ಗುಣ ಮಗಳಲ್ಲಿ ತೋರಬೇಕಾದರೆ ಅವಳ ಎರಡೂ ಎಕ್ಸ್‌ಗಳಲ್ಲಿ ಜೀನಿನ ರೋಗ ತರುವ ರೂಪ, ಎಂದರೆ ಆ ಅಲೀಲ್, ಇರಬೇಕು, ಅವುಗಳಲ್ಲಿ ಒಂದು ತಂದೆಯಿಂದ ಬಂದದ್ದು. ಇರುವ ಒಂದೇ ಎಕ್ಸ್‌ನಲ್ಲಿ ಆ ಅಲೀಲ್ ಇದ್ದ ತಂದೆ ತಾನೂ ರೋಗಿಯೇ ಆಗಿರುತ್ತಿದ್ದ. ಇಲ್ಲಿ I-1 ಖಾಲಿ ಚೌಕ. ಆದ್ದರಿಂದ ಜೀನ್ ಇರುವುದು ಲಿಂಗ ವರ್ಣತಂತುಗಳಲ್ಲದ ಬೇರೆ ವರ್ಣತಂತುವಿನಲ್ಲಿ, ಮೊದಲ ತಲೆಮಾರಿನ ನಾಲ್ವರೂ Aa, ಎಂದರೆ ಸರಿಯಾದ A ಒಂದು, ರೋಗದ a ಒಂದು ಇರುವ ವಾಹಕರು. ಹೊಸ ಉತ್ಪರಿವರ್ತನೆಯ ಸಾಧ್ಯತೆಯನ್ನು ಇಂಥ ಲೆಕ್ಕಗಳಲ್ಲಿ ಬದಿಗಿಡುವುದು ರೂಢಿ.

ಇಷ್ಟಾದ ಮೇಲೆ ಅವಳು ಹೊಸದಾಗಿ ಲೆಕ್ಕ ಮಾಡಿ 1/16 ಎಂದು ಬರೆದು ಕಳುಹಿಸಿದಳು. ಈ ತಪ್ಪನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ನೋಡುತ್ತೇನೆ. Aa ಮತ್ತು Aa ದಂಪತಿಗಳ ಪನ್ನೆಟ್ ಚೌಕ ಬರೆದಾಗ ನಾಲ್ಕು ಮನೆಗಳಲ್ಲಿ ಎರಡು Aa ಬರುತ್ತವೆ, ಆದ್ದರಿಂದ II-2 ವಾಹಕನಾಗಿರುವ ಸಾಧ್ಯತೆ ಅರ್ಧ ಎಂದು ಮಕ್ಕಳು ಬರೆದುಬಿಡುತ್ತಾರೆ. ಚೌಕವನ್ನು ಕಾಗದದ ಮೇಲೆ ಬರೆದು ಅದರ ಫೋಟೊವನ್ನು ನಾನೇ ಅವಳಿಗೆ ಕಳುಹಿಸಿದೆ:

```
        A     a
  A    AA    Aa
  a    Aa    aa
```

"ಈಗ aa ಮನೆಯ ಮೇಲೆ ಪೆನ್ಸಿಲಿನಿಂದ ಕಾಟು ಹೊಡೆ" ಎಂದೆ. ಈ ಚೌಕ ಹೇಳುವುದು ಇನ್ನೂ ಹುಟ್ಟದ ಮಗುವಿನ ಬಗ್ಗೆ. II-2 ಹುಟ್ಟಿ ಬೆಳೆದು ಮದುವೆಯಾಗಿರುವ ವ್ಯಕ್ತಿ, ಅವನಿಗೆ ರೋಗವಿಲ್ಲವೆಂದು ನಕ್ಷೆಯೇ ಹೇಳುತ್ತಿದೆ. ಅವನು aa ಅಲ್ಲವೆಂದು ಗೊತ್ತಿರುವಾಗ ಆ ಮನೆಯನ್ನು ಲೆಕ್ಕಕ್ಕೆ ಸೇರಿಸುವಂತಿಲ್ಲ. ಉಳಿದ ಮೂರರಲ್ಲಿ ಎರಡು Aa, ಆದ್ದರಿಂದ ಅವನು ವಾಹಕನಾಗಿರುವ ಸಾಧ್ಯತೆ 2/3. II-3ಕ್ಕೂ ಇದೇ ಮಾತು. ಇಬ್ಬರೂ ವಾಹಕರಾಗಿದ್ದರೆ ಮಾತ್ರ ಮಗು aa ಆಗಬಲ್ಲದು. ಆ ಕೊನೆಯ ಹೆಜ್ಜೆಯಲ್ಲಿ ಮಗು ಹುಟ್ಟಿಲ್ಲವಾದ್ದರಿಂದ ನಾಲ್ಕೂ ಮನೆಗಳು ಉಳಿಯುತ್ತವೆ, 1/4 ಹಾಗೆಯೇ ಇರುತ್ತದೆ:

```
2/3 × 2/3 × 1/4 = 4/36 = 1/9
```

ಪುಸ್ತಕದ ಉತ್ತರ ಸರಿಯಾಗಿಯೇ ಇತ್ತು. ನಕ್ಷೆಯಲ್ಲಿ II-2 ಮತ್ತು II-3ರ ನಡುವಿನ ಮದುವೆಯ ಗೆರೆ ಒಂಟಿಯೋ ಜೋಡಿಯೋ ಎಂಬುದನ್ನೂ ಎರಡನೆಯ ಫೋಟೊದಲ್ಲಿ ನೋಡಿಕೊಂಡೆ. ಜೋಡಿ ಗೆರೆ ಇದ್ದರೆ ಅದು ರಕ್ತಸಂಬಂಧದೊಳಗಿನ ಮದುವೆ. ಸೋದರಮಾವನಿಗೂ ಸೋದರತ್ತೆಯ ಮಗನಿಗೂ ಹೆಣ್ಣು ಕೊಡುವ ರೂಢಿಯಿರುವ ನಮ್ಮ ಕಡೆ ಅದನ್ನು ಗಮನಿಸದೆ ಮುಂದೆ ಹೋಗುವುದು ಒಳ್ಳೆಯದಲ್ಲ. ಇಲ್ಲಿ ಒಂಟಿ ಗೆರೆಯೇ ಇತ್ತು.

ಅವಳ ಮುಂದಿನ ಪ್ರಶ್ನೆ ಪುಸ್ತಕದಲ್ಲಿರಲಿಲ್ಲ. "ಮೊದಲ ಮಗು ಆರೋಗ್ಯವಾಗಿ ಹುಟ್ಟಿದರೆ ಎರಡನೆಯದಕ್ಕೂ 1/9 ತಾನೇ? ಪ್ರತಿ ಹೆರಿಗೆಯೂ ಸ್ವತಂತ್ರ ಎಂದು ನೀವೇ ಹೇಳಿದ್ದಿರಿ" ಎಂದಳು. ಹೇಳಿದ್ದೇನೋ ನಿಜ, ಆದರೆ ತಂದೆತಾಯಿಯ ಜೀನ್‌ಗಳು ಖಚಿತವಾಗಿ ಗೊತ್ತಿರುವಾಗ ಮಾತ್ರ ಆ ಮಾತು ನಿಲ್ಲುತ್ತದೆ. ಇಲ್ಲಿ ಅವೇ ಗೊತ್ತಿಲ್ಲ, ಮೊದಲ ಮಗು ಅವುಗಳ ಬಗ್ಗೆ ಒಂದಿಷ್ಟು ಸುಳಿವು ಕೊಡುತ್ತದೆ. ಭಿನ್ನರಾಶಿಗಳಲ್ಲಿ ಇದನ್ನು ಬಿಡಿಸಿದರೆ ಗೋಜಲಾಗುವುದರಿಂದ ನಾನು ತಲೆಯೆಣಿಕೆಗೆ ಇಳಿದೆ. ಇದೇ ನಕ್ಷೆಯುಳ್ಳ 36 ಜೋಡಿಗಳನ್ನು ಊಹಿಸಿಕೊಂಡರೆ, ಅವರಲ್ಲಿ 16 ಜೋಡಿಗಳಲ್ಲಿ ಗಂಡಹೆಂಡತಿ ಇಬ್ಬರೂ ವಾಹಕರು. ಆ 16ರಲ್ಲಿ ಸರಾಸರಿ 4 ಜೋಡಿಗಳಿಗೆ ಮೊದಲ ಮಗು ರೋಗಿ. ಅಂಥವರು ವಾಹಕರೆಂಬುದು ಅಲ್ಲಿಗೆ ಖಚಿತವಾಗುವುದರಿಂದ ಅವರ ಮುಂದಿನ ಮಗುವಿಗೆ ಅಪಾಯ 1/9ರಿಂದ 1/4ಕ್ಕೆ ಏರುತ್ತದೆ. ಮೊದಲ ಮಗು ಆರೋಗ್ಯವಾಗಿರುವ ಜೋಡಿಗಳು ಉಳಿದ 32. ಅವರ ಪೈಕಿ ಇಬ್ಬರೂ ವಾಹಕರಾದವರು 12, ಆ 12 ಜೋಡಿಗಳಲ್ಲಿ ಎರಡನೆಯ ಮಗು ರೋಗಿಯಾಗುವುದು ಸರಾಸರಿ 3ರಲ್ಲಿ. ಆದ್ದರಿಂದ ಉತ್ತರ 3/32, ಎಂದರೆ 1/9ಕ್ಕಿಂತ ತುಸು ಕಡಿಮೆ.

ಸ್ವಲ್ಪ ಹೊತ್ತು ಬಿಟ್ಟು ಅವಳು ತನ್ನ ನೋಟ್‌ಬುಕ್ಕಿನ ಫೋಟೊ ಕಳುಹಿಸಿದಳು. ಮೊದಲೆರಡೂ ಮಕ್ಕಳು ಆರೋಗ್ಯವಾಗಿದ್ದರೆ ಮೂರನೆಯದಕ್ಕೆ ಎಷ್ಟು ಎಂದು ತಾನೇ ಎಣಿಸಿ, ಉಳಿದದ್ದು 29 ಜೋಡಿ, ಇಬ್ಬರೂ ವಾಹಕರಾದವರು 9 ಎಂದು ಬರೆದು, 9/116ಕ್ಕೆ ತಂದು ನಿಲ್ಲಿಸಿದ್ದಳು. ಫೋಟೊ ಈ ಸಲ ಸ್ಪಷ್ಟವಾಗಿತ್ತು, ಲೆಕ್ಕವೂ ಸರಿಯಿತ್ತು.